ಟಿಎಸ್‌ಎಚ್ 62, ಆದರೆ ಮೈಯಲ್ಲಿ ಏನೂ ತೊಂದರೆ ಇಲ್ಲ: ಥೈರಾಯ್ಡ್ ರಿಪೋರ್ಟ್ ತಪ್ಪಾಗಲು ಸಾಧ್ಯವೇ?

"ಥೈರಾಯ್ಡ್ ರಿಪೋರ್ಟ್ ನಂಬಬೇಡಿ. ಎರಡು ಲ್ಯಾಬ್‌ನಲ್ಲಿ ಕೊಟ್ಟರೆ ಎರಡು ನಂಬರ್ ಬರುತ್ತೆ. ಎಲ್ಲಾ ಮಾತ್ರೆ ಕಂಪನಿಗಳ ಆಟ." ಈ ಧಾಟಿಯ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಇದನ್ನು ಓದಿ ಮಾತ್ರೆ ನಿಲ್ಲಿಸಿದವರಿಗೆ ಅಪಾಯ ಕಾದಿದೆ, ಏಕೆಂದರೆ ಬಹುತೇಕರ ರಿಪೋರ್ಟ್ ಸರಿಯಾಗಿಯೇ ಇರುತ್ತದೆ. ಆದರೆ ಈ ಸಂದೇಶದೊಳಗೆ ಒಂದು ಸಣ್ಣ ಸತ್ಯವೂ ಅಡಗಿದೆ. ಕೆಲವೇ ಕೆಲವರ ರಕ್ತದಲ್ಲಿರುವ ಒಂದು ಬಗೆಯ ಪ್ರತಿಕಾಯ ಯಂತ್ರವನ್ನು ದಾರಿ ತಪ್ಪಿಸುತ್ತದೆ. ಅವರ ಟಿಎಸ್‌ಎಚ್ ಕಾಗದದ ಮೇಲೆ ಮಾತ್ರ ಹೆಚ್ಚಾಗಿರುತ್ತದೆ, ದೇಹದಲ್ಲಿ ಅಲ್ಲ. ಇದನ್ನು ಲ್ಯಾಬ್‌ನವರು ಹೇಗೆ ಪತ್ತೆ ಹಚ್ಚುತ್ತಾರೆ ಎಂಬುದನ್ನು ಒಂದು ಉದಾಹರಣೆ ಹಿಡಿದು ನೋಡೋಣ.

ಭದ್ರಾವತಿ ನ್ಯೂಟೌನಿನ 38 ವರ್ಷದ ಒಬ್ಬ ಗೃಹಿಣಿ ಎಂದಿಟ್ಟುಕೊಳ್ಳಿ. ಇವರು ನಿಜವಾದ ವ್ಯಕ್ತಿಯಲ್ಲ. ಲೆಕ್ಕ ಅರ್ಥವಾಗಲಿ ಎಂದು ನಾವು ಕಟ್ಟಿಕೊಂಡ ಪಾತ್ರ, ಅಂಕಿಗಳೂ ನಮ್ಮವೇ. ಆದರೆ ಇವರ ಕತೆಯ ಪ್ರತಿ ತಿರುವೂ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾದ ಪ್ರಕರಣಗಳಲ್ಲಿ ಕಾಣಸಿಗುವಂಥದ್ದೇ.

ರಿಪೋರ್ಟ್ ಬಂದ ಮೇಲೆ ಆಗಿದ್ದು

ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಎಲ್ಲದರ ಜೊತೆ ಥೈರಾಯ್ಡ್ ಕೂಡ ಇತ್ತು. ಟಿಎಸ್‌ಎಚ್ 62 ಬಂತು. ನಾರ್ಮಲ್ ಮಿತಿ ಸಾಮಾನ್ಯವಾಗಿ 0.4ರಿಂದ 4.5ರ ಆಸುಪಾಸು. ಅದೇ ಕಾಗದದಲ್ಲಿ ಫ್ರೀ ಟಿ4 1.2 ಇತ್ತು, ಅದರ ಮಿತಿ 0.9ರಿಂದ 1.7. ಅಂದರೆ ಟಿ4 ಸರಿಸುಮಾರು ನಟ್ಟನಡುವೆ ಇದೆ. ಸುಸ್ತಿಲ್ಲ, ತೂಕ ಏರಿಲ್ಲ, ಮಲಬದ್ಧತೆ ಇಲ್ಲ, ಮುಟ್ಟು ಸರಿಯಾಗಿದೆ, ಚಳಿಗೆ ಹೆಚ್ಚು ನಡುಕವೂ ಇಲ್ಲ. ಆದರೂ 62 ಎಂಬ ಸಂಖ್ಯೆ ಯಾರನ್ನಾದರೂ ಹೆದರಿಸುತ್ತದೆ. 50 ಮೈಕ್ರೋಗ್ರಾಂ ಥೈರಾಕ್ಸಿನ್ ಮಾತ್ರೆ ಶುರುವಾಯಿತು. ಟಿಎಸ್‌ಎಚ್ ಹೆಚ್ಚೇನೂ ಇಳಿಯಲಿಲ್ಲವೆಂದು 75 ಆಯಿತು, ಆಮೇಲೆ 100.

ಆರು ತಿಂಗಳಾಗುವಷ್ಟರಲ್ಲಿ ಎದೆ ಡವಗುಟ್ಟಲು ಶುರು, ಕೈ ನಡುಕ, ರಾತ್ರಿ ನಿದ್ದೆ ಇಲ್ಲ, ಮೂರು ಕೆಜಿ ತೂಕ ಇಳಿದಿದೆ. ಈಗ ಟಿಎಸ್‌ಎಚ್ 48, ಫ್ರೀ ಟಿ4 2.1. "ಮಾತ್ರೆ ಸರಿಯಾಗಿ ತಗೋತಿಲ್ಲ ಅನ್ಸುತ್ತೆ" ಎಂಬ ಮಾತು ಮನೆಯವರಿಂದಲೂ ಬಂತು. ಪಾಪ, ಆಕೆ ಒಂದು ದಿನವೂ ತಪ್ಪಿಸಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಟಿಎಸ್‌ಎಚ್ ಥೈರಾಯ್ಡ್‌ನಲ್ಲಿ ಹುಟ್ಟುವ ಹಾರ್ಮೋನ್ ಅಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡ್‌ಗೆ ಕಳಿಸುವ ಆಜ್ಞೆ ಅದು. ಥೈರಾಯ್ಡ್ ಸೋಮಾರಿಯಾಗಿ ಟಿ4 ಕಡಿಮೆಯಾದರೆ ಪಿಟ್ಯುಟರಿ ಜೋರಾಗಿ ಕೂಗುತ್ತದೆ, ಟಿಎಸ್‌ಎಚ್ ಏರುತ್ತದೆ. ಟಿ4 ಹೆಚ್ಚಾದರೆ ಸುಮ್ಮನಾಗುತ್ತದೆ. ಈ ಕೂಗು ಬಹಳ ಸೂಕ್ಷ್ಮ: ಫ್ರೀ ಟಿ4 ಅರ್ಧಕ್ಕೆ ಇಳಿದರೆ ಟಿಎಸ್‌ಎಚ್ ಸುಮಾರು ನೂರು ಪಟ್ಟು ಏರಬಲ್ಲದು. ಹಾಗಾಗಿ ಟಿಎಸ್‌ಎಚ್ 7 ಅಥವಾ 8 ಇದ್ದು ಟಿ4 ನಾರ್ಮಲ್ ಇರುವುದು ದಿನನಿತ್ಯ ಕಾಣುವ ಸಂಗತಿ. ಗ್ರಂಥಿ ಸೋಲಲು ಶುರುವಾಗಿದೆ, ಆದರೆ ಇನ್ನೂ ಸಂಭಾಳಿಸುತ್ತಿದೆ ಎಂದು ಅದರರ್ಥ. ಆದರೆ ಟಿಎಸ್‌ಎಚ್ 62ಕ್ಕೆ ಹೋಗಿಯೂ ಟಿ4 ನಟ್ಟನಡುವೆ ಆರಾಮಾಗಿ ಕೂತಿದ್ದರೆ ಲೆಕ್ಕ ತಾಳೆಯಾಗುವುದಿಲ್ಲ. ಮಾತ್ರೆಯಿಂದ ಟಿ4 ಮಿತಿ ಮೀರಿ, ಎದೆ ಡವಗುಟ್ಟುವಾಗಲೂ ಪಿಟ್ಯುಟರಿ "ಇನ್ನೂ ಬೇಕು, ಇನ್ನೂ ಬೇಕು" ಎಂದು ಕೂಗುತ್ತಿದೆ ಎನ್ನುವುದಂತೂ ಇನ್ನೂ ವಿಚಿತ್ರ.

ಯಂತ್ರ ಎಣಿಸುವುದು ಸೇತುವೆಗಳನ್ನು

ರಕ್ತದಲ್ಲಿ ಟಿಎಸ್‌ಎಚ್ ಇರುವುದು ಅತ್ಯಲ್ಪ. ಅದನ್ನು ಹಿಡಿಯಲು ಕಿಟ್‌ನಲ್ಲಿ ಎರಡು ಪ್ರತಿಕಾಯಗಳಿರುತ್ತವೆ. ಹೆಚ್ಚಾಗಿ ಇಲಿಯಿಂದ, ಕೆಲವೊಮ್ಮೆ ಕುರಿ ಅಥವಾ ಮೇಕೆಯಿಂದ ಪಡೆದಂಥವು. ಒಂದು ಪ್ರತಿಕಾಯ ಪುಟ್ಟ ಕಣಕ್ಕೆ ಅಂಟಿಕೊಂಡಿರುತ್ತದೆ. ಇನ್ನೊಂದಕ್ಕೆ ಬೆಳಕು ಸೂಸುವ ರಾಸಾಯನಿಕವನ್ನು ಕಟ್ಟಿರುತ್ತಾರೆ. ಟಿಎಸ್‌ಎಚ್ ಸಿಕ್ಕರೆ ಎರಡೂ ಅದನ್ನು ಆಚೀಚೆಯಿಂದ ಹಿಡಿದುಕೊಳ್ಳುತ್ತವೆ. ತುಂಗಾ ಹೊಳೆಯ ಎರಡು ದಡಗಳ ನಡುವೆ ಒಂದು ಸೇತುವೆ ಬಿದ್ದ ಹಾಗೆ. ಉಳಿದದ್ದನ್ನೆಲ್ಲ ತೊಳೆದು ಹಾಕಿ ಯಂತ್ರ ಬೆಳಕನ್ನು ಅಳೆಯುತ್ತದೆ. ಬೆಳಕು ಹೆಚ್ಚಿದ್ದರೆ ಸೇತುವೆ ಹೆಚ್ಚು, ಸೇತುವೆ ಹೆಚ್ಚಿದ್ದರೆ ಟಿಎಸ್‌ಎಚ್ ಹೆಚ್ಚು.

ಯಂತ್ರ ಸೇತುವೆಗಳನ್ನು ಎಣಿಸುತ್ತದೆಯೇ ಹೊರತು ಸೇತುವೆಯನ್ನು ಯಾವುದರಿಂದ ಕಟ್ಟಿದೆ ಎಂದು ನೋಡುವುದಿಲ್ಲ. ಎಡವಟ್ಟು ಆಗುವುದು ಇಲ್ಲಿಯೇ, ಅದೂ ಎರಡು ದಾರಿಯಲ್ಲಿ.

ಮೊದಲನೆಯದು ಹೆಟೆರೊಫೈಲ್ ಪ್ರತಿಕಾಯ. ಕೆಲವು ಮನುಷ್ಯರ ರಕ್ತದಲ್ಲಿ ಬೇರೆ ಪ್ರಾಣಿಗಳ ಪ್ರತಿಕಾಯಗಳನ್ನು ಹಿಡಿಯುವ ಪ್ರತಿಕಾಯಗಳು ತಾವಾಗಿಯೇ ಇರುತ್ತವೆ. ಇಲಿಯ ಪ್ರತಿಕಾಯದಿಂದ ತಯಾರಾದ ಔಷಧಿ ಪಡೆದವರಲ್ಲಿ, ಪ್ರಾಣಿಗಳ ಜೊತೆ ಕೆಲಸ ಮಾಡುವವರಲ್ಲಿ ಇಂಥವು ಹುಟ್ಟಬಹುದು. ಸಂಧಿವಾತದವರ ರಕ್ತದಲ್ಲಿರುವ ರುಮಟಾಯ್ಡ್ ಫ್ಯಾಕ್ಟರ್ ಕೂಡ ಇದೇ ಚೇಷ್ಟೆ ಮಾಡಬಲ್ಲದು. ಬಹಳ ಸಲ ಕಾರಣವೇ ಗೊತ್ತಾಗುವುದಿಲ್ಲ. ಈ ಪ್ರತಿಕಾಯದಿಂದ ಮನುಷ್ಯನಿಗೆ ಏನೂ ತೊಂದರೆಯಿಲ್ಲ. ಆದರೆ ಕಿಟ್‌ನೊಳಗೆ ಹೋದರೆ ಅಲ್ಲಿನ ಎರಡೂ ಪ್ರತಿಕಾಯಗಳನ್ನು ತಾನೇ ಹಿಡಿದು ಟಿಎಸ್‌ಎಚ್ ಇಲ್ಲದೆಯೇ ಸೇತುವೆ ಹಾಕಿಬಿಡುತ್ತದೆ.

ಎರಡನೆಯದು ಮ್ಯಾಕ್ರೋ-ಟಿಎಸ್‌ಎಚ್. ಇಲ್ಲಿ ಟಿಎಸ್‌ಎಚ್ ಅಸಲಿಯೇ. ಆದರೆ ಆ ವ್ಯಕ್ತಿಯ ದೇಹ ತನ್ನದೇ ಟಿಎಸ್‌ಎಚ್ ವಿರುದ್ಧ ಪ್ರತಿಕಾಯ ಮಾಡಿಕೊಂಡಿರುತ್ತದೆ, ಎರಡೂ ಅಂಟಿಕೊಂಡು ದೊಡ್ಡ ಗಂಟಾಗಿರುತ್ತವೆ. ಬರೀ ಟಿಎಸ್‌ಎಚ್ ಅಣುವಿನ ತೂಕ ಸುಮಾರು 28 ಕಿಲೋಡಾಲ್ಟನ್. ಅದಕ್ಕೆ 150 ಕಿಲೋಡಾಲ್ಟನ್ ತೂಕದ ಪ್ರತಿಕಾಯ ಅಂಟಿದರೆ ಮೂತ್ರಪಿಂಡಕ್ಕೆ ಅದನ್ನು ಹೊರಹಾಕುವುದು ಕಷ್ಟ, ರಕ್ತದಲ್ಲೇ ಗುಡ್ಡೆ ಬೀಳುತ್ತದೆ. ಇಷ್ಟು ದೊಡ್ಡ ಗಂಟು ರಕ್ತನಾಳ ದಾಟಿ ಥೈರಾಯ್ಡ್ ಜೀವಕೋಶವನ್ನು ಮುಟ್ಟಿ ಕೆಲಸ ಮಾಡಿಸುವುದೂ ಕಡಿಮೆ. ಹೊಲಕ್ಕೆ ಇಳಿಯದೆ ಬಸ್‌ಸ್ಟ್ಯಾಂಡಿನಲ್ಲೇ ಕೂತ ಕೂಲಿಯವರ ಹಾಗೆ. ತಲೆ ಎಣಿಸಿದರೆ ಅರವತ್ತು ಜನ, ಕೆಲಸ ಮಾಡುತ್ತಿರುವವರು ಇಬ್ಬರೋ ಮೂವರೋ.

ಎಷ್ಟು ಜನರಿಗೆ ಹೀಗಾಗುತ್ತದೆ?

2002ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನ ಟಿಎಸ್‌ಎಚ್ ಮತ್ತು ಸಂತಾನ ಸಂಬಂಧಿ ಹಾರ್ಮೋನ್ ಪರೀಕ್ಷೆಗೆ ಬಂದ 5310 ರೋಗಿಗಳನ್ನು ಪರಿಶೀಲಿಸಿತು. ಪ್ರತಿಕಾಯಗಳಿಂದಾಗಿ ತಪ್ಪು ಫಲಿತಾಂಶ ಬಂದಿದ್ದು 28 ಜನರಲ್ಲಿ, ಅಂದರೆ ಸಾವಿರಕ್ಕೆ ಸುಮಾರು ಐದು. 2013ರಲ್ಲಿ, ಅದೂ ಬ್ರಿಟನ್ನಿನದ್ದೇ, ಟಿಎಸ್‌ಎಚ್ 10ಕ್ಕಿಂತ ಹೆಚ್ಚಿದ್ದ 495 ಸ್ಯಾಂಪಲ್‌ಗಳಲ್ಲಿ ಮ್ಯಾಕ್ರೋ-ಟಿಎಸ್‌ಎಚ್ ಹುಡುಕಿದಾಗ ಸಿಕ್ಕಿದ್ದು ಮೂರು. ಹಾಗಾದರೆ ಫಾರ್ವರ್ಡ್ ಹೇಳುವಂತೆ ಎಲ್ಲರ ರಿಪೋರ್ಟೂ ಸುಳ್ಳಲ್ಲ. ಟಿಎಸ್‌ಎಚ್ ಹತ್ತರ ಮೇಲೆ ಬಂದ ನೂರು ಜನರನ್ನು ಸಾಲಾಗಿ ನಿಲ್ಲಿಸಿದರೆ ಒಬ್ಬರು ಮ್ಯಾಕ್ರೋ-ಟಿಎಸ್‌ಎಚ್‌ನವರು ಸಿಗಬಹುದು, ಸಿಗದೆಯೂ ಇರಬಹುದು.

"ನನಗೇನೂ ಲಕ್ಷಣವಿಲ್ಲ, ಹಾಗಾದರೆ ನಾನೇ ಆ ಒಬ್ಬರು" ಎಂದುಕೊಳ್ಳುವ ಹಾಗೂ ಇಲ್ಲ. ನಿಜವಾದ ಹೈಪೋಥೈರಾಯ್ಡ್ ಇದ್ದವರಲ್ಲೂ ಎಷ್ಟೋ ಜನರಿಗೆ ಮೊದಮೊದಲು ಲಕ್ಷಣವೇ ಗೊತ್ತಾಗುವುದಿಲ್ಲ. ನಿಧಾನಕ್ಕೆ ಬಂದ ಸುಸ್ತನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿಕೊಂಡಿರುತ್ತಾರೆ. ಅನುಮಾನ ಹುಟ್ಟಬೇಕಾದ್ದು ಲಕ್ಷಣ ಮತ್ತು ಟಿಎಸ್‌ಎಚ್ ಜಗಳವಾಡಿದಾಗ ಮಾತ್ರವಲ್ಲ, ಟಿಎಸ್‌ಎಚ್ ಮತ್ತು ಫ್ರೀ ಟಿ4 ಕೂಡ ಪರಸ್ಪರ ಜಗಳವಾಡಿದಾಗ. ನಮ್ಮ ಉದಾಹರಣೆಯಲ್ಲಿ ಆಗಿದ್ದು ಅದೇ.

ಲ್ಯಾಬ್‌ಗೆ ಕಳಿಸುವ ಮುನ್ನ

ಆಕೆ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಂದು ಹಾರ್ಮೋನ್ ತಜ್ಞರನ್ನು ಕಾಣುತ್ತಾರೆ ಎಂದುಕೊಳ್ಳಿ. ವೈದ್ಯರು ನೇರವಾಗಿ ಪ್ರತಿಕಾಯದ ಮೇಲೆ ತಪ್ಪು ಹೊರಿಸುವುದಿಲ್ಲ. ಟಿಎಸ್‌ಎಚ್ ಮತ್ತು ಟಿ4 ಎರಡೂ ಒಟ್ಟಿಗೆ ಏರಲು ಬೇರೆ ಕಾರಣಗಳಿವೆ. ಅತಿ ಸಾಮಾನ್ಯವಾದದ್ದು ಇದು: ತಿಂಗಳಿಡೀ ಮಾತ್ರೆ ಮರೆತು, ಪರೀಕ್ಷೆಗೆ ಎರಡು ದಿನ ಇರುವಾಗ ಶಿಸ್ತಾಗಿ ನುಂಗುವುದು. ಟಿ4 ಕೂಡಲೇ ಏರುತ್ತದೆ, ಟಿಎಸ್‌ಎಚ್ ಇಳಿಯಲು ವಾರಗಳೇ ಬೇಕು. ಹಾಗೆಯೇ ರಕ್ತ ಕೊಡುವ ದಿನ ಬೆಳಿಗ್ಗೆ ಮಾತ್ರೆ ನುಂಗಿ ಹೋದರೆ ಫ್ರೀ ಟಿ4 ತುಸು ಹೆಚ್ಚು ಕಾಣುತ್ತದೆ. ಅಪರೂಪಕ್ಕೆ ಪಿಟ್ಯುಟರಿಯಲ್ಲಿ ಟಿಎಸ್‌ಎಚ್ ಸುರಿಸುವ ಗಡ್ಡೆ ಇರಬಹುದು, ಅಥವಾ ಹುಟ್ಟಿನಿಂದಲೇ ಥೈರಾಯ್ಡ್ ಹಾರ್ಮೋನಿಗೆ ದೇಹ ಸ್ಪಂದಿಸದ ಸ್ಥಿತಿ ಇರಬಹುದು. ಯಂತ್ರದ ಎಡವಟ್ಟನ್ನು ಮೊದಲೇ ತಳ್ಳಿಹಾಕದಿದ್ದರೆ ಈ ಗಡ್ಡೆ ಹುಡುಕಲು ಎಂಆರ್‌ಐ ಮಾಡಿಸುವ ಖರ್ಚು ತಲೆಗೆ ಬರುತ್ತದೆ.

ಇನ್ನೊಂದು ಪ್ರಶ್ನೆ ಕೇಳುತ್ತಾರೆ: "ಕೂದಲಿಗೆ ಅಂತ ಏನಾದರೂ ಮಾತ್ರೆ ತಗೋತಿದೀರಾ?" ಕೂದಲು, ಉಗುರಿನ ಮಾತ್ರೆಗಳಲ್ಲಿ ಬಯೋಟಿನ್ ಇರುತ್ತದೆ. ದಿನಕ್ಕೆ ಬೇಕಾದ್ದು 30 ಮೈಕ್ರೋಗ್ರಾಂ, ಮಾತ್ರೆಯಲ್ಲಿ ಇರುವುದು 5 ಅಥವಾ 10 ಮಿಲಿಗ್ರಾಂ, ಅಂದರೆ ನೂರಾರು ಪಟ್ಟು. ಕೆಲವು ಕಂಪನಿಗಳ ಕಿಟ್‌ಗಳು ಬಯೋಟಿನ್ ಅಂಟನ್ನೇ ನೆಚ್ಚಿಕೊಂಡಿರುವುದರಿಂದ ಅಂಥ ಯಂತ್ರದಲ್ಲಿ ಟಿಎಸ್‌ಎಚ್ ಸುಳ್ಳಾಗಿ ಕಡಿಮೆ, ಟಿ4 ಸುಳ್ಳಾಗಿ ಹೆಚ್ಚು ಬರುತ್ತದೆ. ಇದು ನಮ್ಮ ಕತೆಗೆ ಉಲ್ಟಾ, ಹೈಪರ್‌ಥೈರಾಯ್ಡ್ ಇದ್ದ ಹಾಗೆ ಕಾಣುತ್ತದೆ. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಆ ಮಾತ್ರೆ ನಿಲ್ಲಿಸಿದರೆ ಸಾಕು. ನಮ್ಮ ಗೃಹಿಣಿ ಬಯೋಟಿನ್ ತೆಗೆದುಕೊಂಡಿಲ್ಲ, ಮಾತ್ರೆಯನ್ನೂ ತಪ್ಪಿಸಿಲ್ಲ.

ಎದೆ ಡವಗುಟ್ಟುವಿಕೆ ಇರುವುದರಿಂದ ವೈದ್ಯರೇ ಥೈರಾಕ್ಸಿನ್ ನಿಲ್ಲಿಸಿ ಆರು ವಾರ ಕಾಯುತ್ತಾರೆ. ಡವಗುಟ್ಟುವಿಕೆ ಹೋಯಿತು. ಹೊಸ ರಕ್ತ ತೆಗೆದರೆ ಮತ್ತೆ ಟಿಎಸ್‌ಎಚ್ 62, ಫ್ರೀ ಟಿ4 1.2. ಮಾತ್ರೆಯೇ ಇಲ್ಲದೆ ಟಿ4 ಒಂದಿಷ್ಟೂ ಕುಸಿದಿಲ್ಲ! ಈಗ ಆ ಸ್ಯಾಂಪಲ್ ಲ್ಯಾಬ್‌ನಲ್ಲಿ ವಿಚಾರಣೆಗೆ ಕೂರುತ್ತದೆ.

ಲ್ಯಾಬ್‌ನಲ್ಲಿ ನಡೆಯುವ ವಿಚಾರಣೆ

ಅದೇ ಯಂತ್ರದಲ್ಲಿ ಮತ್ತೊಮ್ಮೆ ಓಡಿಸಿದರೆ 61 ಬರುತ್ತದೆ. ಸ್ಯಾಂಪಲ್ ಅದಲುಬದಲಾಗಿಲ್ಲ, ಯಂತ್ರ ಕೆಟ್ಟಿಲ್ಲ ಎಂದಷ್ಟೇ ಇದರಿಂದ ತಿಳಿಯುತ್ತದೆ. ಪ್ರತಿಕಾಯದ ಎಡವಟ್ಟು ಅದೇ ಯಂತ್ರದಲ್ಲಿ ಪ್ರತಿ ಸಲವೂ ಅಷ್ಟೇ ಅಚ್ಚುಕಟ್ಟಾಗಿ ಮರುಕಳಿಸುತ್ತದೆ. "ಎರಡು ಸಲ ಮಾಡಿಸಿದೆವು, ಎರಡು ಸಲವೂ ಅಷ್ಟೇ ಬಂತು" ಎನ್ನುವುದು ಇಲ್ಲಿ ಸಾಕ್ಷಿಯಾಗುವುದಿಲ್ಲ.

ಮುಂದಿನ ಹೆಜ್ಜೆ ಬೇರೆ ಕಂಪನಿಯ ಯಂತ್ರ. ಬೇರೆ ಕಂಪನಿಯ ಕಿಟ್‌ನಲ್ಲಿ ಬೇರೆ ಪ್ರತಿಕಾಯಗಳಿರುವುದರಿಂದ ಹೆಟೆರೊಫೈಲ್ ಅಲ್ಲಿ ಸೇತುವೆ ಹಾಕಲು ಆಗದೆ ಹೋಗಬಹುದು. ಆಗ 62 ಇದ್ದದ್ದು ಒಮ್ಮೆಲೇ 2ಕ್ಕೆ ಬಂದು ನಿಲ್ಲುತ್ತದೆ, ಗುಟ್ಟು ಅಲ್ಲೇ ರಟ್ಟಾಗುತ್ತದೆ. ನಮ್ಮ ಸ್ಯಾಂಪಲ್ ಎರಡನೇ ಯಂತ್ರದಲ್ಲಿ 41 ತೋರಿಸಿತು. ಕಡಿಮೆಯಾಗಿದೆ, ಆದರೂ ಬಹಳ ಹೆಚ್ಚು. ಮ್ಯಾಕ್ರೋ-ಟಿಎಸ್‌ಎಚ್‌ನಲ್ಲಿ ಹೀಗೂ ಆಗುತ್ತದೆ. ಒಳಗಿರುವುದು ಅಸಲಿ ಟಿಎಸ್‌ಎಚ್ ಆದ್ದರಿಂದ ಯಂತ್ರಗಳು ಹೆಚ್ಚುಕಡಿಮೆ ಅದನ್ನು ಹಿಡಿಯುತ್ತವೆ.

ಇಲ್ಲಿ ನಮ್ಮ ಊರುಗಳಿಗೆ ಸಂಬಂಧಿಸಿದ ಒಂದು ಮಾತು. ದುರ್ಗಿಗುಡಿಯ ಒಂದು ಕಲೆಕ್ಷನ್ ಸೆಂಟರ್‌ನಲ್ಲಿ ಕೊಟ್ಟು, ಖಾತ್ರಿಗಾಗಿ ಕೋಟೆ ರಸ್ತೆಯ ಇನ್ನೊಂದರಲ್ಲಿ ಕೊಟ್ಟರೆ ಎರಡು ಲ್ಯಾಬ್ ಆಯಿತು ಎಂದುಕೊಳ್ಳುತ್ತೇವೆ. ಎರಡೂ ಕಡೆಯ ರಕ್ತ ಬೇರೆ ಊರಿನ ಒಂದೇ ದೊಡ್ಡ ಲ್ಯಾಬಿಗೆ ಹೋಗಿ ಒಂದೇ ಯಂತ್ರದಲ್ಲಿ ಓಡಿರಬಹುದು. ಅಥವಾ ಲ್ಯಾಬ್ ಬೇರೆಯಾದರೂ ಯಂತ್ರ ಒಂದೇ ಕಂಪನಿಯದ್ದಿರಬಹುದು. ರಿಪೋರ್ಟಿನ ಫಲಿತಾಂಶದ ಕೆಳಗೆ ಅಥವಾ ಪಕ್ಕದಲ್ಲಿ ವಿಧಾನ ಎಂದು ಸಣ್ಣಕ್ಷರದಲ್ಲಿ ಸಿಎಲ್‌ಐಎ, ಇಸಿಎಲ್‌ಐಎ ಅಥವಾ ಸಿಎಂಐಎ ಎಂದು ಬರೆದಿರುತ್ತದೆ. ಎರಡು ರಿಪೋರ್ಟಿನಲ್ಲೂ ಒಂದೇ ವಿಧಾನ ಇದ್ದರೆ ಯಂತ್ರದ ಹೆಸರನ್ನೇ ಕೇಳಿ. ಕೇಳಿದರೆ ಹೇಳುತ್ತಾರೆ, ಅದರಲ್ಲಿ ಗುಟ್ಟೇನೂ ಇಲ್ಲ. ಹಾಗೆಯೇ ಒಂದು ಲ್ಯಾಬಿನಲ್ಲಿ 5.1, ಇನ್ನೊಂದರಲ್ಲಿ 4.3 ಬಂದರೆ ಅದು ಮೋಸವೂ ಅಲ್ಲ, ಹೆಟೆರೊಫೈಲೂ ಅಲ್ಲ. ಕಿಟ್‌ಗಳ ನಡುವೆ ಅಷ್ಟು ವ್ಯತ್ಯಾಸ ಮಾಮೂಲಿ. ಟಿಎಸ್‌ಎಚ್ ದಿನದ ಹೊತ್ತಿಗೆ ತಕ್ಕಂತೆಯೂ ಏರಿಳಿಯುತ್ತದೆ.

ಮೂರನೇ ಹೆಜ್ಜೆ ತೆಳು ಮಾಡುವುದು. ಸೀರಂಗೆ ಕಿಟ್ ಜೊತೆ ಬರುವ ದ್ರಾವಣವನ್ನು ಸಮನಾಗಿ ಬೆರೆಸಿದರೆ 62 ಅರ್ಧವಾಗಿ 31 ಆಗಬೇಕು, ನಾಲ್ಕು ಪಟ್ಟು ತೆಳು ಮಾಡಿದರೆ 15.5. ಹಾಲಿಗೆ ನೀರು ಬೆರೆಸಿದಾಗ ಆಗುವ ಲೆಕ್ಕವೇ. ಆದರೆ ಹೆಟೆರೊಫೈಲ್ ಹಿಡಿತ ಸಡಿಲ. ತೆಳುವಾದಂತೆ ಸೇತುವೆಗಳು ಲೆಕ್ಕ ಮೀರಿ ಕಳಚಿಕೊಳ್ಳುತ್ತವೆ. 31ರ ಬದಲು 14, 15.5ರ ಬದಲು 3 ಎಂಬಂತೆ ಬಂದರೆ ಅನುಮಾನ ಬಲವಾಗುತ್ತದೆ. ನಮ್ಮ ಸ್ಯಾಂಪಲ್ 30 ಮತ್ತು 15 ತೋರಿಸಿತು, ಲೆಕ್ಕ ಸರಿಯಾಗಿದೆ. ಇದರಿಂದ ಆಕೆಗೆ ಎಡವಟ್ಟೇ ಇಲ್ಲ ಎಂದು ತೀರ್ಮಾನಿಸಿದರೆ ತಪ್ಪು. ಮ್ಯಾಕ್ರೋ-ಟಿಎಸ್‌ಎಚ್ ಎಷ್ಟೋ ಸಲ ಈ ಪರೀಕ್ಷೆಯಲ್ಲಿ ಸಜ್ಜನನಂತೆ ಪಾಸಾಗುತ್ತದೆ.

ನಾಲ್ಕನೆಯದು ಬ್ಲಾಕಿಂಗ್ ಟ್ಯೂಬ್. ಈ ಪುಟ್ಟ ಟ್ಯೂಬಿನ ತಳದಲ್ಲಿ ಹೆಟೆರೊಫೈಲನ್ನು ಕಟ್ಟಿಹಾಕುವ ವಸ್ತುವನ್ನು ಒಣಗಿಸಿ ಇಟ್ಟಿರುತ್ತಾರೆ. ಅರ್ಧ ಮಿಲಿಲೀಟರ್ ಸೀರಂ ಹಾಕಿ, ಅಲುಗಾಡಿಸಿ, ಸುಮಾರು ಒಂದು ಗಂಟೆ ಬಿಟ್ಟು ಮತ್ತೆ ಅಳೆಯುತ್ತಾರೆ. ಸಂಖ್ಯೆ ಗಣನೀಯವಾಗಿ ಬಿದ್ದರೆ ಹೆಟೆರೊಫೈಲ್ ಸಿಕ್ಕಿಬಿತ್ತು. ನಮ್ಮ ಸ್ಯಾಂಪಲ್ 62ರಿಂದ 60 ಆಯಿತು, ಅದು ಲೆಕ್ಕಕ್ಕಿಲ್ಲ. ಈ ಟ್ಯೂಬೂ ಎಲ್ಲ ಹೆಟೆರೊಫೈಲನ್ನು ಹಿಡಿಯುವುದಿಲ್ಲ, ಪ್ರಮಾಣ ಬಹಳ ಇದ್ದರೆ ಕೆಲವು ತಪ್ಪಿಸಿಕೊಳ್ಳುತ್ತವೆ.

ನಮ್ಮ ಕತೆಯಲ್ಲಿ ಗುಟ್ಟು ಬಿಚ್ಚಿದ್ದು ಐದನೇ ಹೆಜ್ಜೆ, ಪಿಇಜಿ. ಪಾಲಿಎಥಿಲೀನ್ ಗ್ಲೈಕಾಲ್ 6000 ಎಂಬ ಬಿಳಿ ಪುಡಿ, ಹೆಸರು ದೊಡ್ಡದು, ಬೆಲೆ ಸಣ್ಣದು. ಅದರ ಶೇಕಡಾ 25ರ ದ್ರಾವಣವನ್ನು ಸೀರಂಗೆ ಸಮಪ್ರಮಾಣ ಬೆರೆಸಿದರೆ ಪ್ರತಿಕಾಯಗಳಂಥ ದೊಡ್ಡ ಅಣುಗಳು ಹಾಲು ಒಡೆದಂತೆ ಗಟ್ಟಿಯಾಗುತ್ತವೆ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ತಳ ಸೇರುತ್ತವೆ. ಮೇಲಿನ ತಿಳಿಯಲ್ಲಿ ಉಳಿಯುವುದು ಸಣ್ಣ, ಬಿಡಿ ಟಿಎಸ್‌ಎಚ್. ಆ ತಿಳಿಯನ್ನು ಅಳೆದು, ಅರ್ಧಕ್ಕೆ ತೆಳುವಾಗಿದೆಯಾದ್ದರಿಂದ ಎರಡರಿಂದ ಗುಣಿಸುತ್ತಾರೆ.

ಆಕೆಯ ತಿಳಿಯಲ್ಲಿ ಸಿಕ್ಕಿದ್ದು 0.8, ಗುಣಿಸಿದರೆ 1.6. ಅಂದರೆ 62ರಲ್ಲಿ ನೂರಕ್ಕೆ ಮೂರು ಪಾಲೂ ಮೇಲೆ ಉಳಿದಿಲ್ಲ. ಉಳಿದದ್ದೆಲ್ಲ ಪ್ರತಿಕಾಯದ ಜೊತೆ ತಳಕ್ಕೆ ಹೋಯಿತು. ಆದರೆ ಬರೀ ಇದನ್ನು ನೋಡಿ ತೀರ್ಪು ಕೊಡುವ ಹಾಗಿಲ್ಲ, ಏಕೆಂದರೆ ಪಿಇಜಿ ಬಿಡಿ ಟಿಎಸ್‌ಎಚ್‌ನ ಒಂದಷ್ಟು ಪಾಲನ್ನೂ ಜೊತೆಗೆ ಎಳೆದೊಯ್ಯುತ್ತದೆ, ಕೆಲವು ಯಂತ್ರಗಳ ಓದನ್ನೂ ಕೆಡಿಸುತ್ತದೆ. ಅದಕ್ಕೇ ಪಕ್ಕದಲ್ಲಿ ನಿಜವಾದ ಹೈಪೋಥೈರಾಯ್ಡ್ ಇರುವ ಇನ್ನೊಬ್ಬರ ಸ್ಯಾಂಪಲನ್ನೂ ಅದೇ ದಿನ, ಅದೇ ರೀತಿ ಓಡಿಸಬೇಕು. ಅವರ ಟಿಎಸ್‌ಎಚ್ 58 ಇತ್ತು, ತಿಳಿಯಲ್ಲಿ 16 ಸಿಕ್ಕಿತು, ಗುಣಿಸಿದರೆ 32, ಅಂದರೆ ನೂರಕ್ಕೆ ಐವತ್ತೈದು ಉಳಿಯಿತು. ಒಂದು ಕಡೆ ಐವತ್ತೈದು, ಇನ್ನೊಂದು ಕಡೆ ಮೂರಕ್ಕೂ ಕಡಿಮೆ. ಹೋಲಿಕೆಗೆ ಜೊತೆ ಇಡದೆ ಮಾಡಿದ ಪಿಇಜಿ ಫಲಿತಾಂಶಕ್ಕೆ ನಾವಂತೂ ಹೆಚ್ಚು ಬೆಲೆ ಕೊಡುವುದಿಲ್ಲ.

ಪಿಇಜಿ ಹೆಟೆರೊಫೈಲ್ ಪ್ರತಿಕಾಯವನ್ನೂ ತಳಕ್ಕೆ ಇಳಿಸುತ್ತದೆ. ಹಾಗಾಗಿ ಪಿಇಜಿ ಒಂದೇ ಮಾಡಿದ್ದರೆ "ಯಾವುದೋ ಪ್ರತಿಕಾಯ ಇದೆ" ಎನ್ನಬಹುದಿತ್ತು, ಯಾವುದು ಎನ್ನಲಾಗುತ್ತಿರಲಿಲ್ಲ. ತೆಳು ಮಾಡಿದಾಗ ಲೆಕ್ಕ ಸರಿ ಇತ್ತು, ಬ್ಲಾಕಿಂಗ್ ಟ್ಯೂಬಿಗೆ ಬಗ್ಗಲಿಲ್ಲ, ಎರಡನೇ ಯಂತ್ರದಲ್ಲೂ ಹೆಚ್ಚಿತ್ತು, ಪಿಇಜಿಯಲ್ಲಿ ಕುಸಿಯಿತು. ನಾಲ್ಕನ್ನೂ ಜೋಡಿಸಿದಾಗ ಬೆರಳು ಮ್ಯಾಕ್ರೋ-ಟಿಎಸ್‌ಎಚ್ ಕಡೆ ತೋರಿಸುತ್ತದೆ. ಪೂರ್ತಿ ಖಚಿತವಾಗಬೇಕಾದರೆ ಜೆಲ್ ಫಿಲ್ಟ್ರೇಶನ್ ಎಂಬ ವಿಧಾನದಲ್ಲಿ ಸೀರಂನ ಅಣುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಬೇಕು. ಟಿಎಸ್‌ಎಚ್ ತನ್ನ ಸಣ್ಣ ಗಾತ್ರದ ಜಾಗದಲ್ಲಿ ಸಿಗದೆ ಪ್ರತಿಕಾಯದಷ್ಟು ದೊಡ್ಡ ಗಾತ್ರದ ಜಾಗದಲ್ಲಿ ಸಿಕ್ಕರೆ ಅನುಮಾನವೇ ಉಳಿಯುವುದಿಲ್ಲ. ಇದು ಸಮಯ ಹಿಡಿಯುವ ಕೆಲಸ, ಸಂಶೋಧನೆ ನಡೆಸುವ ದೊಡ್ಡ ಕೇಂದ್ರಗಳಿಗೆ ಸೀಮಿತ. ಪಿಇಜಿ ಹಾಗಲ್ಲ. ಪ್ರೊಲ್ಯಾಕ್ಟಿನ್ ಹಾರ್ಮೋನಿನಲ್ಲೂ ಇದೇ ಬಗೆಯ ಗಂಟು ಆಗುವುದರಿಂದ, ಮ್ಯಾಕ್ರೋಪ್ರೊಲ್ಯಾಕ್ಟಿನ್ ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ಸಾಮಾನ್ಯವಾಗಿ ಆ ಪುಡಿ ಇದ್ದೇ ಇರುತ್ತದೆ. ವೈದ್ಯರು ಚೀಟಿಯಲ್ಲಿ "ಟಿಎಸ್‌ಎಚ್ ಮತ್ತು ಟಿ4 ತಾಳೆಯಾಗುತ್ತಿಲ್ಲ, ಅಡಚಣೆ ಪರಿಶೀಲಿಸಿ" ಎಂದು ಬರೆದರೆ ಮಾತ್ರ ಲ್ಯಾಬ್‌ನವರು ಇದಕ್ಕೆ ಕೈಹಾಕುತ್ತಾರೆ. ದಿನಕ್ಕೆ ನೂರಾರು ಸ್ಯಾಂಪಲ್ ಓಡುವಲ್ಲಿ ಯಾರ ಎದೆ ಡವಗುಟ್ಟುತ್ತಿದೆ ಎಂದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು?

ಉಲ್ಟಾ ಎಡವಟ್ಟೂ ಇದೆ

ಟಿಎಸ್‌ಎಚ್ ನಾರ್ಮಲ್ ಬಂದಿದೆ, ಆದರೆ ವಿಪರೀತ ಸುಸ್ತು, ಚಳಿ, ಮುಟ್ಟು ನಿಂತಿದೆ. ಇಂಥವರು "ನನ್ನದೂ ಪ್ರತಿಕಾಯದ ತೊಂದರೆ" ಎಂದುಕೊಳ್ಳುವ ಮುನ್ನ ಫ್ರೀ ಟಿ4 ಮಾಡಿಸಿದ್ದಾರಾ ನೋಡಬೇಕು. ಹೆರಿಗೆಯಲ್ಲಿ ತೀವ್ರ ರಕ್ತಸ್ರಾವವಾದವರಲ್ಲಿ ಪಿಟ್ಯುಟರಿಗೆ ರಕ್ತ ಸಿಗದೆ ಅದು ಬಾಡಿಹೋಗುವುದುಂಟು, ಶೀಹಾನ್ ಸಿಂಡ್ರೋಮ್ ಎನ್ನುತ್ತಾರೆ. ಕೂಗುವವರೇ ಇಲ್ಲವಾದಾಗ ಟಿಎಸ್‌ಎಚ್ ಏರುವುದಿಲ್ಲ, ನಾರ್ಮಲ್ ಎಂದೇ ಕಾಣುತ್ತದೆ. ಆದರೆ ಟಿ4 ಪಾತಾಳಕ್ಕೆ ಇಳಿದಿರುತ್ತದೆ. ಹೆರಿಗೆಯ ನಂತರ ಎದೆಹಾಲು ಬರದೇ ಇದ್ದದ್ದು, ಮುಟ್ಟು ಮರಳದೇ ಇದ್ದದ್ದು ಇದರ ಸುಳಿವು. ಇಲ್ಲಿ ಲ್ಯಾಬಿನದ್ದೇನೂ ತಪ್ಪಿಲ್ಲ, ಕೇಳಿದ ಪರೀಕ್ಷೆಯೇ ಸಾಲದು. ಟಿಎಸ್‌ಎಚ್ ಒಂದನ್ನೇ ಮಾಡಿಸಿ ಕೈತೊಳೆದುಕೊಂಡರೆ ಈ ಕಾಯಿಲೆ ವರ್ಷಗಟ್ಟಲೆ ಬಚ್ಚಿಟ್ಟುಕೊಳ್ಳುತ್ತದೆ.

ಗೊತ್ತಾದ ಮೇಲೆ ಏನು?

ಮ್ಯಾಕ್ರೋ-ಟಿಎಸ್‌ಎಚ್‌ಗೆ ಚಿಕಿತ್ಸೆ ಬೇಕಿಲ್ಲ. ನಮ್ಮ ಗೃಹಿಣಿಗೆ ಥೈರಾಕ್ಸಿನ್ ಬೇಡವೆಂದಾಯಿತು, ಆದರೆ ಆಕೆಯ ಫೈಲಿನಲ್ಲಿ ಇದನ್ನು ದೊಡ್ಡದಾಗಿ ಬರೆದಿಡಬೇಕು. ಪ್ರತಿಕಾಯ ವರ್ಷಗಟ್ಟಲೆ ಉಳಿಯಬಹುದು. ಮುಂದಿನ ಚೆಕಪ್ಪಿನಲ್ಲಿ ಮತ್ತೆ 62 ಬರುತ್ತದೆ, ಹೊಸ ವೈದ್ಯರು ಮತ್ತೆ 50ರಿಂದ ಶುರು ಮಾಡುತ್ತಾರೆ. ಮುಂದೆ ಆಕೆಗೆ ನಿಜವಾದ ಹೈಪೋಥೈರಾಯ್ಡ್ ಬರಬಾರದೆಂದೇನೂ ಇಲ್ಲ. ಆದ್ದರಿಂದ ಆಗಾಗ ಫ್ರೀ ಟಿ4 ನೋಡುತ್ತಿರಬೇಕು. ಅದು ಇಳಿಯತೊಡಗಿದರೆ ಮಾತ್ರ ಮಾತ್ರೆಯ ಮಾತು. ಹೆಟೆರೊಫೈಲ್ ಇದ್ದವರ ಫೈಲಿನಲ್ಲೂ ಬರೆದಿಡಬೇಕು, ಏಕೆಂದರೆ ಅದೇ ಪ್ರತಿಕಾಯ ಗರ್ಭಧಾರಣೆಯ ರಕ್ತಪರೀಕ್ಷೆ, ಹೃದಯಾಘಾತದ ಟ್ರೋಪೋನಿನ್ ಹೀಗೆ ಸೇತುವೆ ಎಣಿಸುವ ಬೇರೆ ಪರೀಕ್ಷೆಗಳನ್ನೂ ಕೆಡಿಸಬಹುದು. ಅಮೆರಿಕದಲ್ಲಿ 1990ರ ದಶಕದಲ್ಲಿ ಗರ್ಭಧಾರಣೆಯ ರಕ್ತಪರೀಕ್ಷೆ ಹೀಗೆ ಸುಳ್ಳಾಗಿ ಪಾಸಿಟಿವ್ ಬರುತ್ತಲೇ ಇದ್ದುದರಿಂದ, ಇಲ್ಲದ ಕ್ಯಾನ್ಸರಿಗೆ ಕಿಮೋಥೆರಪಿ ಮತ್ತು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮಹಿಳೆಯರಿದ್ದಾರೆ. ಈ ದೊಡ್ಡ ಪ್ರತಿಕಾಯ ಮೂತ್ರಕ್ಕೆ ಇಳಿಯುವುದಿಲ್ಲವಾದ್ದರಿಂದ, ಮೂತ್ರ ಪರೀಕ್ಷೆ ಮಾಡಿದ್ದರೆ ಅವರದು ನೆಗೆಟಿವ್ ಎಂದು ತಿಳಿಯುತ್ತಿತ್ತು.

ಕೊನೆಗೆ, ಮಕ್ಕಳಾಗುವ ವಯಸ್ಸಿನವರಿಗೆ ಒಂದು ವಿಷಯ. ತಾಯಿಯ ಈ ಪ್ರತಿಕಾಯ ಮಾಸು ದಾಟಿ ಮಗುವಿಗೆ ಹೋಗುತ್ತದೆ. ಬ್ರಿಟನ್ನಿನಿಂದ 2006ರಲ್ಲಿ ವರದಿಯಾದ ಪ್ರಕರಣದಲ್ಲಿ ನವಜಾತ ಶಿಶುವಿನ ಟಿಎಸ್‌ಎಚ್ ಹೆಚ್ಚಿತ್ತು, ತಾಯಿಯದೂ ಹೆಚ್ಚಿತ್ತು, ಎರಡಕ್ಕೂ ಕಾರಣ ಮ್ಯಾಕ್ರೋ-ಟಿಎಸ್‌ಎಚ್. ತಾಯಿಯಿಂದ ಬಂದ ಪ್ರತಿಕಾಯ ಕೆಲವು ತಿಂಗಳಲ್ಲಿ ಮಗುವಿನ ರಕ್ತದಿಂದ ತಾನಾಗಿ ಕರಗಿಹೋಗುತ್ತದೆ. ಆದರೆ ಹಿಮ್ಮಡಿ ಚುಚ್ಚಿ ತೆಗೆದ ರಕ್ತದಲ್ಲಿ ಮಗುವಿನ ಟಿಎಸ್‌ಎಚ್ ಹೆಚ್ಚು ಬಂದಾಗ "ತಾಯಿಯದ್ದೇ ಇರಬೇಕು" ಎಂದು ಕಾಯುವಂತಿಲ್ಲ. ನಿಜವಾದ ಕೊರತೆಯಿದ್ದು ಚಿಕಿತ್ಸೆ ವಾರಗಟ್ಟಲೆ ತಡವಾದರೆ ಮಗುವಿನ ಮೆದುಳಿನ ಬೆಳವಣಿಗೆ ಕುಂಠಿತವಾಗುತ್ತದೆ, ಆಮೇಲೆ ಸರಿಪಡಿಸಲಾಗುವುದಿಲ್ಲ. ಅದೇ ದಿನ ಮಗುವಿನ ರಕ್ತನಾಳದಿಂದ ರಕ್ತ ತೆಗೆದು ಟಿಎಸ್‌ಎಚ್ ಮತ್ತು ಫ್ರೀ ಟಿ4 ಎರಡನ್ನೂ ನೋಡುತ್ತಾರೆ. ಟಿ4 ಕಡಿಮೆ ಇದ್ದರೆ ಮಾತ್ರೆ ಕೂಡಲೇ ಶುರು. ಟಿ4 ಸರಿ ಇದ್ದು ತಾಯಿಯ ಫೈಲಿನಲ್ಲಿ ಮ್ಯಾಕ್ರೋ-ಟಿಎಸ್‌ಎಚ್ ಎಂದು ಬರೆದಿದ್ದರೆ, ಮಕ್ಕಳ ವೈದ್ಯರು ತಾಯಿ, ಮಗು ಇಬ್ಬರ ಸ್ಯಾಂಪಲನ್ನೂ ಪಿಇಜಿಗೆ ಕಳಿಸುತ್ತಾರೆ.